ತಿಂಗಳ ಲೆಕ್ಕ ಮುಗಿದ ಮೇಲೆ ಪತ್ತೆಯಾದ ತಪ್ಪು ಖಾತೆ: ತಿದ್ದುಪಡಿಯ ಕ್ರಮ

ಲೆಕ್ಕಪುಸ್ತಕದಲ್ಲಿ ಒಂದು ವ್ಯವಹಾರದ ಮೊತ್ತ, ದಿನಾಂಕ, ಬಿಲ್ಲಿನ ಸಂಖ್ಯೆ ಎಲ್ಲವೂ ಸರಿಯಾಗಿದ್ದು, ಅದು ಹೋಗಿ ಸೇರಿದ ಖಾತೆ ಮಾತ್ರ ತಪ್ಪಾಗಿರುವುದುಂಟು. ಬಾಡಿಗೆಯ ಹಣ ವಿಮೆಯ ಖಾತೆಗೆ, ಒಬ್ಬ ವರ್ತಕರಿಗೆ ಪಾವತಿಸಿದ ಹಣ ಅದೇ ಹೆಸರಿನ ಇನ್ನೊಬ್ಬ ವರ್ತಕರ ಖಾತೆಗೆ, ಹೊಸ ಯಂತ್ರದ ಬೆಲೆ ದುರಸ್ತಿ ವೆಚ್ಚದ ಖಾತೆಗೆ ಸೇರುವುದು ಇಂತಹ ತಪ್ಪುಗಳಲ್ಲಿ ಸಾಮಾನ್ಯವಾದವು. ತಿಂಗಳು ನಡೆಯುತ್ತಿರುವಾಗಲೇ ಇದು ಕಣ್ಣಿಗೆ ಬಿದ್ದರೆ ತಿದ್ದುವುದು ಸುಲಭ. ಆದರೆ ತಿಂಗಳ ಲೆಕ್ಕವನ್ನು ಮುಗಿಸಿ, ವರದಿಯನ್ನು ಮಾಲೀಕರಿಗೆ ಒಪ್ಪಿಸಿ, ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿಯನ್ನೂ ಸಲ್ಲಿಸಿಯಾದ ಮೇಲೆ ತಪ್ಪು ಗೊತ್ತಾದಾಗ ಅದನ್ನು ಯಾವ ತಾರೀಖಿನಲ್ಲಿ, ಯಾವ ರೀತಿಯಲ್ಲಿ ಸರಿಪಡಿಸಬೇಕು ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೆ ಲೆಕ್ಕಶಾಸ್ತ್ರ ನೀಡುವ ಉತ್ತರ ಸರಳವಾದದ್ದು. ಮುಗಿದ ತಿಂಗಳ ನಮೂದನ್ನು ಮುಟ್ಟದೆ, ಈಗ ತೆರೆದಿರುವ ತಿಂಗಳಿನಲ್ಲಿ ಪ್ರತ್ಯೇಕ ತಿದ್ದುಪಡಿ ನಮೂದೊಂದನ್ನು ಬರೆದು, ಹಣವನ್ನು ತಪ್ಪು ಖಾತೆಯಿಂದ ಸರಿಯಾದ ಖಾತೆಗೆ ವರ್ಗಾಯಿಸಬೇಕು. ಆದರೆ ಈ ಒಂದು ನಮೂದಿನಿಂದಲೇ ಕೆಲಸ ಮುಗಿಯುವುದಿಲ್ಲ. ಮೊದಲಿನ ತಪ್ಪು ತನ್ನೊಂದಿಗೆ ಎಳೆದು ತಂದ ಇತರ ತಪ್ಪುಗಳೂ ಇರುತ್ತವೆ, ತಿದ್ದುಪಡಿಯಿಂದ ಈ ತಿಂಗಳ ಲೆಕ್ಕದಲ್ಲಿ ಹುಟ್ಟುವ ಹೊಸ ವಿಕಾರವೊಂದೂ ಇರುತ್ತದೆ. ಇವೆರಡನ್ನೂ ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ತಾಳೆಪಟ್ಟಿ ಏಕೆ ಎಚ್ಚರಿಸುವುದಿಲ್ಲ

ಜೋಡಿ ನಮೂದು ಪದ್ಧತಿಯಲ್ಲಿ ಪ್ರತಿಯೊಂದು ವ್ಯವಹಾರಕ್ಕೂ ಡೆಬಿಟ್ ಮತ್ತು ಕ್ರೆಡಿಟ್ ಎಂಬ ಎರಡು ಬದಿಗಳು. ತಾಳೆಪಟ್ಟಿಯು ಈ ಎರಡು ಬದಿಗಳ ಒಟ್ಟು ಮೊತ್ತ ಸಮವಾಗಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ. ಡೆಬಿಟ್ ಆಗಬೇಕಾದ ಮೊತ್ತ ಬೇರೊಂದು ಖಾತೆಗೆ ಡೆಬಿಟ್ ಆಗಿದ್ದರೆ ಒಟ್ಟು ಮೊತ್ತದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಬರುವುದಿಲ್ಲ. ಆದ್ದರಿಂದ ತಾಳೆಪಟ್ಟಿ ಹೊಂದಿಕೆಯಾಯಿತೆಂಬ ಮಾತ್ರಕ್ಕೆ ಖಾತೆಗಳೆಲ್ಲ ಸರಿಯಾಗಿವೆ ಎಂದು ಹೇಳಲಾಗದು. ಅನಾಮತ್ತು ಖಾತೆಗೂ ಇಲ್ಲಿ ಕೆಲಸವಿಲ್ಲ; ಅದು ಎರಡು ಬದಿಗಳು ಸಮವಾಗದೆ ಉಳಿದ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಇಡುವ ಜಾಗ.

ಇಂತಹ ತಪ್ಪು ಬೆಳಕಿಗೆ ಬರುವುದು ಬೇರೆ ದಾರಿಗಳಿಂದ. ಒಂದು ಖಾತೆಯ ಮೊತ್ತವನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿದಾಗ ಒಂದು ತಿಂಗಳು ಹಠಾತ್ತನೆ ಉಬ್ಬಿ ಕಾಣುತ್ತದೆ. ಸರಬರಾಜುದಾರರು ಬಾಕಿಯ ದೃಢೀಕರಣ ಕಳುಹಿಸಿದಾಗ ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ. ಕಾರ್ಖಾನೆಯಲ್ಲಿ ಕಣ್ಣೆದುರಿಗೆ ಇರುವ ಯಂತ್ರ ಸ್ಥಿರಾಸ್ತಿಗಳ ವಹಿಯಲ್ಲಿ ಇರುವುದಿಲ್ಲ.

ಒಂದು ಉದಾಹರಣೆ

ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಒಂದು ಚಿಕ್ಕ ಖಾಸಗಿ ನಿಯಮಿತ ಕಂಪೆನಿ ಇದೆ ಎಂದಿಟ್ಟುಕೊಳ್ಳೋಣ. 2024ರ ಜೂನ್ 1ರಂದು ಅದು ಒಂದು ಏರ್ ಕಂಪ್ರೆಸರ್ ಖರೀದಿಸಿ ಅಂದೇ ಚಾಲನೆಗೊಳಿಸಿತು. ಬೆಲೆ 1,80,000 ರೂಪಾಯಿ. ಶೇಕಡಾ 18ರ ದರದಲ್ಲಿ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ತಲಾ 16,200 ರೂಪಾಯಿ ಸೇರಿ ಬಿಲ್ಲಿನ ಒಟ್ಟು ಮೊತ್ತ 2,12,400 ರೂಪಾಯಿ. ಅದೇ ಅಂಗಡಿಯವರು ಹಿಂದೆ ಹಳೆಯ ಕಂಪ್ರೆಸರಿನ ದುರಸ್ತಿ ಮಾಡಿಕೊಡುತ್ತಿದ್ದರು. ಗುಮಾಸ್ತರು ಹಳೆಯ ವೋಚರನ್ನೇ ಮಾದರಿಯಾಗಿ ಇಟ್ಟುಕೊಂಡು ಹೊಸದನ್ನು ಬರೆದರು. ಹೀಗಾಗಿ ಪುಸ್ತಕದಲ್ಲಿ ಆದ ನಮೂದು ಇದು:

ಯಂತ್ರ ದುರಸ್ತಿ ಖಾತೆ, ಡೆಬಿಟ್: 1,80,000
ಕೇಂದ್ರ ಜಿಎಸ್‌ಟಿ ಇನ್‌ಪುಟ್ ಖಾತೆ, ಡೆಬಿಟ್: 16,200
ರಾಜ್ಯ ಜಿಎಸ್‌ಟಿ ಇನ್‌ಪುಟ್ ಖಾತೆ, ಡೆಬಿಟ್: 16,200
ಸರಬರಾಜುದಾರರ ಖಾತೆ, ಕ್ರೆಡಿಟ್: 2,12,400

ಜೂನ್ ತಿಂಗಳ ಲೆಕ್ಕ ಜುಲೈ 10ಕ್ಕೆ ಮುಗಿಯಿತು. ಜುಲೈ 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಕೆಯಾಯಿತು. ಆಗಸ್ಟ್ 10ಕ್ಕೆ ಜುಲೈ ಲೆಕ್ಕವೂ ಮುಗಿಯಿತು. ಆಗಸ್ಟ್ ಮೂರನೆಯ ವಾರದಲ್ಲಿ ದುರಸ್ತಿ ಖಾತೆಯನ್ನು ಹೋಲಿಸಿ ನೋಡಿದಾಗ ಏಪ್ರಿಲ್‌ನಲ್ಲಿ 21,000, ಮೇನಲ್ಲಿ 24,000, ಜೂನ್‌ನಲ್ಲಿ 2,02,000, ಜುಲೈನಲ್ಲಿ 23,000 ರೂಪಾಯಿ ಕಂಡಿತು. ಜೂನ್‌ನ ಮೊತ್ತ ಏಕೆ ಇಷ್ಟು ಎಂದು ಬಿಲ್ಲುಗಳನ್ನು ತೆಗೆದು ನೋಡಿದಾಗ ವಿಷಯ ಹೊರಬಿತ್ತು.

ಇದನ್ನು ಲೆಕ್ಕಶಾಸ್ತ್ರದಲ್ಲಿ ತತ್ವದ ತಪ್ಪು ಎನ್ನುತ್ತಾರೆ. ವರ್ಷಗಟ್ಟಲೆ ಬಾಳುವ ಯಂತ್ರ ಬಂಡವಾಳ ವೆಚ್ಚ. ದುರಸ್ತಿ ಆಯಾ ಅವಧಿಗೆ ಸೇರಿದ ರಾಜಸ್ವ ವೆಚ್ಚ. ಒಂದು ವೆಚ್ಚದ ಖಾತೆಯಿಂದ ಇನ್ನೊಂದು ವೆಚ್ಚದ ಖಾತೆಗೆ ತಪ್ಪಿ ಹೋಗಿದ್ದರೆ ಲಾಭ ಬದಲಾಗುತ್ತಿರಲಿಲ್ಲ. ಇಲ್ಲಿ ಲಾಭವೇ ಬದಲಾಗಿದೆ. ಈ ಕಂಪೆನಿಯ ಜೂನ್ ತಿಂಗಳ ನಿಜವಾದ ಲಾಭ 1,40,000 ರೂಪಾಯಿ ಎಂದು ಭಾವಿಸಿದರೆ, ಮಾಲೀಕರ ಕೈಗೆ ಹೋದ ವರದಿಯಲ್ಲಿ 39,050 ರೂಪಾಯಿ ನಷ್ಟ ಕಾಣಿಸಿರುತ್ತದೆ. ಆ ನಷ್ಟವನ್ನು ನಂಬಿ ಮಾಲೀಕರು ಒಬ್ಬ ಕೆಲಸಗಾರರನ್ನು ಬಿಡಿಸಿರಬಹುದು, ಇಲ್ಲವೆ ಗಿರಾಕಿಗಳಿಗೆ ಹೇಳುವ ದರವನ್ನು ಏರಿಸಿರಬಹುದು.

ತಿದ್ದುಪಡಿ ನಮೂದು

ಆಗಸ್ಟ್ ತಿಂಗಳು ಇನ್ನೂ ತೆರೆದಿರುವುದರಿಂದ ತಿದ್ದುಪಡಿ ಆಗಸ್ಟ್ ತಾರೀಖಿನಲ್ಲೇ ಆಗಬೇಕು:

ಯಂತ್ರೋಪಕರಣ ಖಾತೆ, ಡೆಬಿಟ್: 1,80,000
ಯಂತ್ರ ದುರಸ್ತಿ ಖಾತೆ, ಕ್ರೆಡಿಟ್: 1,80,000

ಟ್ಯಾಲಿ ತಂತ್ರಾಂಶವನ್ನು ಬಳಸುವವರು F7 ಕೀಲಿಯಿಂದ ತೆರೆಯುವ `Journal` ವೋಚರಿನಲ್ಲಿ ಇದನ್ನು ಬರೆಯುತ್ತಾರೆ. ಇದರ ಷರಾ ಬಹಳ ಮುಖ್ಯವಾದದ್ದು. ‘ತಪ್ಪು ಸರಿಪಡಿಸಿದೆ’ ಎಂಬಷ್ಟೇ ಬರೆದರೆ ಆರು ತಿಂಗಳ ನಂತರ ಓದುವವರಿಗೆ ಏನೂ ತಿಳಿಯುವುದಿಲ್ಲ. ಮೂಲ ವೋಚರಿನ ಸಂಖ್ಯೆ ಮತ್ತು ದಿನಾಂಕ, ಬಿಲ್ಲಿನ ಸಂಖ್ಯೆ, ಯಾವ ಖಾತೆಯಿಂದ ಯಾವ ಖಾತೆಗೆ ವರ್ಗ, ಕಾರಣ, ಒಪ್ಪಿಗೆ ನೀಡಿದವರು ಇಷ್ಟೂ ಅದರಲ್ಲಿ ಇರಬೇಕು. ಮೂಲ ಬಿಲ್ಲಿನ ಪ್ರತಿಯೊಂದನ್ನು ಹೊಸ ವೋಚರಿಗೂ ಲಗತ್ತಿಸುವುದು ಒಳ್ಳೆಯ ರೂಢಿ.

ಇಲ್ಲಿ ಎರಡು ಖಾತೆಗಳನ್ನು ಮಾತ್ರ ಮುಟ್ಟಲಾಗಿದೆ ಎಂಬುದನ್ನು ಗಮನಿಸಬೇಕು. ಸರಬರಾಜುದಾರರ ಖಾತೆಯಲ್ಲಿ ಮೊದಲೇ ಸರಿಯಾದ ಮೊತ್ತ ಇದೆ. ಜಿಎಸ್‌ಟಿ ಖಾತೆಗಳೂ ಸರಿಯಾಗಿವೆ. ಹಳೆಯ ನಮೂದನ್ನು ಇಡಿಯಾಗಿ ತಿರುಗಿಸಿ ಹೊಸದಾಗಿ ಬರೆಯುವ ಪದ್ಧತಿಯೂ ಉಂಟು. ಆದರೆ ಹಾಗೆ ಮಾಡಿದರೆ ಸರಬರಾಜುದಾರರ ಖಾತೆಯಲ್ಲಿ ಬಿಲ್‌ವಾರು ಹೊಂದಾಣಿಕೆ ಕದಡುತ್ತದೆ, ತೆರಿಗೆ ಜಮೆ ಆಗಸ್ಟ್ ತಿಂಗಳ ಲೆಕ್ಕದಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುವ ಅಪಾಯವಿರುತ್ತದೆ. ತಪ್ಪಾದ ಬದಿಯನ್ನು ಮಾತ್ರ ತಿದ್ದುವುದೇ ಕ್ಷೇಮ.

ತಿದ್ದುವಾಗ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು ದಿಕ್ಕು ತಪ್ಪುವುದು. ದುರಸ್ತಿ ಖಾತೆಯನ್ನು ಕ್ರೆಡಿಟ್ ಮಾಡುವ ಬದಲು ಮತ್ತೆ ಡೆಬಿಟ್ ಮಾಡಿದರೆ ಅಲ್ಲಿ ಈ ಯಂತ್ರದ ಹೆಸರಿನಲ್ಲಿ 3,60,000 ರೂಪಾಯಿ ಕೂಡುತ್ತದೆ. ನಮೂದಾದ ಕೂಡಲೇ ಖಾತೆಯನ್ನು ತೆರೆದು ನೋಡಿದರೆ ಇದು ಗೊತ್ತಾಗುತ್ತದೆ: ಆ ಬಿಲ್ಲಿಗೆ ಸಂಬಂಧಿಸಿದ ಎರಡು ಸಾಲುಗಳು ಪರಸ್ಪರ ವಜಾ ಆಗಿ ಶೂನ್ಯ ಉಳಿಯಬೇಕು. ಎರಡನೆಯದು ಮೊತ್ತ ತಪ್ಪುವುದು. ಬಿಲ್ಲಿನ ಅಡಿಯಲ್ಲಿರುವ 2,12,400ನ್ನು ಕಂಡು ಅಷ್ಟನ್ನೂ ಯಂತ್ರದ ಖಾತೆಗೆ ವರ್ಗಾಯಿಸುವವರಿದ್ದಾರೆ. ತೆರಿಗೆಯ 32,400 ರೂಪಾಯಿಗೆ ಕಂಪೆನಿ ಆಗಲೇ ಇನ್‌ಪುಟ್ ಜಮೆ ಪಡೆದಿದೆ. ತೆರಿಗೆಯ ಭಾಗವನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಪಡೆದರೆ, ಕೇಂದ್ರ ಜಿಎಸ್‌ಟಿ ಕಾಯಿದೆಯ 16ನೆಯ ಪ್ರಕರಣದ 3ನೆಯ ಉಪಪ್ರಕರಣದಂತೆ ಆ ಜಮೆಯ ಹಕ್ಕೇ ಹೋಗುತ್ತದೆ. ಒಂದೇ ತೆರಿಗೆಗೆ ಎರಡು ಲಾಭ ಇಲ್ಲ ಎಂಬುದು ಅಲ್ಲಿನ ತಾತ್ಪರ್ಯ.

ಬಿಟ್ಟುಹೋದ ಸವಕಳಿ

ಯಂತ್ರವು ಆಸ್ತಿಯೆಂದು ಪುಸ್ತಕಕ್ಕೆ ಬಂದ ಮೇಲೆ ಅದು ಚಾಲನೆಗೊಂಡ ದಿನದಿಂದ ಸವಕಳಿ ಹಾಕಬೇಕು. ತಿದ್ದುಪಡಿಯ ದಿನದಿಂದ ಹಾಕುವುದು ಸರಿಯಲ್ಲ. 2013ರ ಕಂಪೆನಿ ಕಾಯಿದೆಯ ಎರಡನೆಯ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷಗಳ ಆಯುಷ್ಯವನ್ನು ಹೇಳುತ್ತದೆ. ಬೆಲೆಯ ಶೇಕಡಾ 5ರಷ್ಟನ್ನು ಉಳಿಕೆ ಮೌಲ್ಯವೆಂದು ಬಿಟ್ಟರೆ 1,71,000 ರೂಪಾಯಿಯನ್ನು 15 ವರ್ಷಗಳಿಗೆ ಹಂಚಬೇಕಾಗುತ್ತದೆ. ನೇರ ಪದ್ಧತಿಯಲ್ಲಿ ಇದು ವರ್ಷಕ್ಕೆ 11,400, ತಿಂಗಳಿಗೆ 950 ರೂಪಾಯಿ.

ಜೂನ್ ಮತ್ತು ಜುಲೈ ಎರಡೂ ತಿಂಗಳು ಮುಗಿದಿರುವುದರಿಂದ ಅವುಗಳ 1,900 ರೂಪಾಯಿ ಸವಕಳಿಯನ್ನು ಆಗಸ್ಟ್‌ನಲ್ಲಿ ಒಂದು ಪ್ರತ್ಯೇಕ ನಮೂದಾಗಿ ಬರೆಯಬೇಕು. ಆಗಸ್ಟ್ ತಿಂಗಳ ಸ್ವಂತ 950 ರೂಪಾಯಿ ಎಂದಿನಂತೆ ತಿಂಗಳ ಕೊನೆಗೆ ಬರುತ್ತದೆ. ಎರಡನ್ನೂ ಸೇರಿಸಿ 2,850 ಎಂದು ಒಂದೇ ನಮೂದು ಬರೆದರೆ ಲೆಕ್ಕ ತಪ್ಪುವುದಿಲ್ಲವಾದರೂ, ಮುಂದಿನ ತಿಂಗಳು ಅದನ್ನೇ ನಕಲು ಮಾಡುವ ಸಂಭವ ಇರುತ್ತದೆ. ಮೊದಲ ತಪ್ಪು ಹುಟ್ಟಿದ್ದೂ ಹಾಗೆ ನಕಲು ಮಾಡಿದ್ದರಿಂದಲೇ. ಇದರೊಂದಿಗೆ ಸ್ಥಿರಾಸ್ತಿಗಳ ವಹಿಯಲ್ಲಿ ಯಂತ್ರದ ಹೆಸರು, ಕ್ರಮಸಂಖ್ಯೆ, ಇರುವ ಜಾಗ ಮತ್ತು ಚಾಲನೆಯ ದಿನಾಂಕವನ್ನು ದಾಖಲಿಸಬೇಕು.

ಆಗಸ್ಟ್ ತಿಂಗಳ ವಿಕಾರ

ತಿದ್ದುಪಡಿಯ ನಂತರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಒಟ್ಟು ಲೆಕ್ಕ ಸರಿಯಾಗಿರುತ್ತದೆ. ಆದರೆ ತಿಂಗಳುವಾರು ನೋಡಿದರೆ ಜೂನ್ ತಪ್ಪಾಗಿಯೇ ಉಳಿಯುತ್ತದೆ ಮತ್ತು ಆಗಸ್ಟ್ ಹೊಸದಾಗಿ ತಪ್ಪುತ್ತದೆ. ಆಗಸ್ಟ್‌ನ ನಿಜವಾದ ದುರಸ್ತಿ ವೆಚ್ಚ 20,000 ರೂಪಾಯಿ ಇದ್ದರೆ ಖಾತೆಯಲ್ಲಿ ಆ ತಿಂಗಳಿಗೆ 1,60,000 ರೂಪಾಯಿ ಋಣಾತ್ಮಕ ವೆಚ್ಚ ಕಾಣುತ್ತದೆ. ಆಗಸ್ಟ್‌ನ ನಿಜವಾದ ಲಾಭ 1,30,000 ಇದ್ದರೆ ಪುಸ್ತಕದಲ್ಲಿ 3,08,100 ಕಾಣುತ್ತದೆ. ಹೆಚ್ಚಾಗಿ ಕಂಡ 1,78,100 ರೂಪಾಯಿ ಆಗಸ್ಟ್‌ನ ದುಡಿಮೆಯಲ್ಲ. ಅದು 1,80,000ದಿಂದ ಹಿಂದಿನ ಎರಡು ತಿಂಗಳ ಸವಕಳಿಯ 1,900ನ್ನು ಕಳೆದು ಉಳಿದದ್ದು.

ಮೂರು ತಿಂಗಳ ಚಿತ್ರ ಹೀಗಿರುತ್ತದೆ. ಜೂನ್‌ನಲ್ಲಿ ನಿಜವಾದ ಲಾಭ 1,40,000, ಪುಸ್ತಕದಲ್ಲಿ 39,050 ನಷ್ಟ. ಜುಲೈನಲ್ಲಿ ನಿಜವಾದ ಲಾಭ 1,35,000, ಪುಸ್ತಕದಲ್ಲಿ ಸವಕಳಿ ಬಿಟ್ಟುಹೋದ ಕಾರಣ 1,35,950. ಆಗಸ್ಟ್‌ನಲ್ಲಿ ನಿಜವಾದ ಲಾಭ 1,30,000, ಪುಸ್ತಕದಲ್ಲಿ 3,08,100. ಎರಡೂ ಸಾಲುಗಳ ಒಟ್ಟು ಮೊತ್ತ 4,05,000 ರೂಪಾಯಿಯೇ ಆಗಿರುವುದು ತಿದ್ದುಪಡಿ ಸರಿಯಾಗಿದೆ ಎಂಬುದಕ್ಕೆ ಪುರಾವೆ. ತಿದ್ದಿದವರು ಈ ಕೂಡುವ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ಈ ವಿಕಾರವನ್ನು ಪುಸ್ತಕದಲ್ಲಿ ನಿವಾರಿಸಲಾಗದು, ವರದಿಯಲ್ಲಿ ನಿವಾರಿಸಬೇಕು. ಮಾಲೀಕರಿಗೆ ಆಗಸ್ಟ್ ವರದಿ ಕೊಡುವಾಗ ಪುಸ್ತಕದ ಅಂಕಿಯ ಪಕ್ಕದಲ್ಲಿ ಸರಿಪಡಿಸಿದ ಅಂಕಿಯ ಅಂಕಣವೊಂದನ್ನು ಸೇರಿಸಿ, ಎರಡರ ನಡುವಿನ ವ್ಯತ್ಯಾಸಕ್ಕೆ ಎರಡು ಸಾಲಿನ ವಿವರಣೆ ನೀಡಬೇಕು. ಜೂನ್ ವರದಿಯನ್ನು ಪಡೆದವರೆಲ್ಲರಿಗೂ ಈ ವಿವರಣೆ ತಲುಪಬೇಕು. ಜೂನ್‌ನ ನಷ್ಟವನ್ನು ನೋಡಿ ದರ ಏರಿಸಿದ್ದ ಮಾಲೀಕರು ಆಗಸ್ಟ್‌ನ ಭಾರಿ ಲಾಭವನ್ನು ಕಂಡು ಏರಿಸಿದ್ದರಿಂದಲೇ ಲಾಭ ಬಂತೆಂದು ತಿಳಿದರೆ, ಒಂದು ತಪ್ಪು ನಮೂದಿನಿಂದ ಎರಡು ತಪ್ಪು ತೀರ್ಮಾನಗಳು ಆದಂತಾಗುತ್ತದೆ.

ಹೊರಗೆ ಹೋದ ಕಾಗದಪತ್ರಗಳು

ತಿದ್ದುಪಡಿಗೆ ಮುನ್ನ ಈ ಅಂಕಿ ಎಲ್ಲೆಲ್ಲಿಗೆ ಹೋಗಿದೆ ಎಂದು ಪಟ್ಟಿ ಮಾಡಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಬ್ಯಾಂಕಿಗೆ ಕೊಟ್ಟ ದಾಸ್ತಾನು ವಿವರಪಟ್ಟಿಯಲ್ಲಿ ಸರಕು, ಬರಬೇಕಾದ ಬಾಕಿ ಮತ್ತು ಕೊಡಬೇಕಾದ ಬಾಕಿ ಇರುತ್ತವೆ. ಇವು ಯಾವುವೂ ಬದಲಾಗಿಲ್ಲ. ಆದ್ದರಿಂದ ಅದನ್ನು ಮತ್ತೆ ಸಲ್ಲಿಸಬೇಕಿಲ್ಲ.

ಜಿಎಸ್‌ಟಿಆರ್-3ಬಿಯನ್ನು ಒಮ್ಮೆ ಸಲ್ಲಿಸಿದ ಮೇಲೆ ಪರಿಷ್ಕರಿಸುವ ಅವಕಾಶವಿಲ್ಲ. ಇಲ್ಲಿ ಅದರ ಅಗತ್ಯವೂ ಇಲ್ಲ, ಏಕೆಂದರೆ ಆ ನಮೂನೆಯಲ್ಲಿ ದುರಸ್ತಿಯ ತೆರಿಗೆ ಜಮೆಯೂ ಯಂತ್ರದ ತೆರಿಗೆ ಜಮೆಯೂ ಒಂದೇ ಅಂಕಣಕ್ಕೆ ಸೇರುತ್ತವೆ. ಆದರೆ ವಾರ್ಷಿಕ ವಿವರಪಟ್ಟಿಯಾದ ಜಿಎಸ್‌ಟಿಆರ್-9ರಲ್ಲಿ ಬಂಡವಾಳ ಸರಕುಗಳ ಜಮೆಯನ್ನು ಪ್ರತ್ಯೇಕವಾಗಿ ತೋರಿಸಬೇಕಾಗುತ್ತದೆ. ತಿದ್ದುಪಡಿ ವೋಚರಿನಲ್ಲಿ ತೆರಿಗೆಯ ಮೊತ್ತ ಇರುವುದಿಲ್ಲವಾದ್ದರಿಂದ ವರ್ಷದ ಕೊನೆಯಲ್ಲಿ ಈ 32,400 ರೂಪಾಯಿ ದುರಸ್ತಿಯ ಗುಂಪಿನಲ್ಲೇ ಉಳಿದುಬಿಡುವುದು ಸಹಜ. ವಾರ್ಷಿಕ ವಿವರಪಟ್ಟಿಯ ಕಡತದಲ್ಲಿ ಈಗಲೇ ಒಂದು ಟಿಪ್ಪಣಿ ಇಡುವುದು ಒಳಿತು.

ತಪ್ಪು ನಡೆದಿರುವುದು ತೆರಿಗೆಯ ಖಾತೆಗಳಲ್ಲೇ ಆಗಿದ್ದರೆ, ಉದಾಹರಣೆಗೆ ಅಂತರರಾಜ್ಯ ತೆರಿಗೆಯನ್ನು ರಾಜ್ಯದೊಳಗಿನ ತೆರಿಗೆ ಎಂದು ನಮೂದಿಸಿ ವಿವರಪಟ್ಟಿಯಲ್ಲೂ ಹಾಗೆಯೇ ಸಲ್ಲಿಸಿದ್ದರೆ, ಜರ್ನಲ್ ನಮೂದಿನಿಂದ ಪುಸ್ತಕ ಮಾತ್ರ ಸರಿಯಾಗುತ್ತದೆ. ಸರ್ಕಾರದ ದಾಖಲೆ ಹಾಗೆಯೇ ಉಳಿಯುತ್ತದೆ. ಅದನ್ನು ಮುಂದಿನ ವಿವರಪಟ್ಟಿಯ ಮೂಲಕ ಬೇರೆಯಾಗಿ ಸರಿಪಡಿಸಬೇಕಾಗುತ್ತದೆ.

ಮುಂಗಡ ಆದಾಯ ತೆರಿಗೆಯನ್ನೂ ಮರೆಯಬಾರದು. ಸೆಪ್ಟೆಂಬರ್ 15ರ ಹೊತ್ತಿಗೆ ವರ್ಷದ ಅಂದಾಜು ತೆರಿಗೆಯ ಶೇಕಡಾ 45ರಷ್ಟು ಪಾವತಿಯಾಗಿರಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಇಂತಹ ಯಂತ್ರಕ್ಕೆ ಶೇಕಡಾ 15ರ ದರದಲ್ಲಿ ಸವಕಳಿ ಸಿಗುತ್ತದೆ. ಹೊಸ ಯಂತ್ರಗಳಿಗೆ ಕೆಲವರಿಗೆ ಸಿಗುವ ಹೆಚ್ಚುವರಿ ಸವಕಳಿಯನ್ನು ಪಕ್ಕಕ್ಕಿಟ್ಟರೆ ಇದು 27,000 ರೂಪಾಯಿ. 1,80,000 ರೂಪಾಯಿ ವೆಚ್ಚವೆಂದು ಕಳೆಯುತ್ತಿದ್ದಲ್ಲಿ ಈಗ 27,000 ಮಾತ್ರ ಕಳೆಯುವುದರಿಂದ ತೆರಿಗೆಗೆ ಒಳಪಡುವ ಆದಾಯ 1,53,000 ರೂಪಾಯಿ ಹೆಚ್ಚುತ್ತದೆ. ಜೂನ್‌ನ ಅಂಕಿಗಳನ್ನು ಆಧರಿಸಿ ಮಾಡಿದ ಅಂದಾಜನ್ನು ಬದಲಿಸದಿದ್ದರೆ ಕಡಿಮೆ ಪಾವತಿಗೆ ಬಡ್ಡಿ ತೆರಬೇಕಾದೀತು.

ಹಳೆಯ ವೋಚರನ್ನೇ ಏಕೆ ತಿದ್ದಬಾರದು

ತಂತ್ರಾಂಶದಲ್ಲಿ ಜೂನ್ 1ರ ವೋಚರನ್ನು ತೆರೆದು ಖಾತೆಯ ಹೆಸರನ್ನು ಬದಲಿಸಿದರೆ ಒಂದೇ ನಿಮಿಷದಲ್ಲಿ ಎಲ್ಲವೂ ಸರಿಯಾಗುತ್ತದೆ ಎಂದು ತೋರುವುದು ಸಹಜ. ಹಾಗೆ ಮಾಡಿದಾಗ ಜೂನ್‌ನ ಲಾಭ ಸದ್ದಿಲ್ಲದೆ ಬದಲಾಗುತ್ತದೆ. ಮಾಲೀಕರ ಕಡತದಲ್ಲಿರುವ ಮುದ್ರಿತ ವರದಿ ಒಂದು ಹೇಳಿದರೆ ಗಣಕದಲ್ಲಿರುವ ಪುಸ್ತಕ ಇನ್ನೊಂದು ಹೇಳುತ್ತದೆ, ಮತ್ತು ಏಕೆ ಎಂಬುದಕ್ಕೆ ಪುಸ್ತಕದೊಳಗೆ ವಿವರಣೆ ಇರುವುದಿಲ್ಲ.

ಕಂಪೆನಿಗಳ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. 2014ರ ಕಂಪೆನಿ ಲೆಕ್ಕಪತ್ರ ನಿಯಮಗಳ 3ನೆಯ ನಿಯಮದಂತೆ, 2023ರ ಏಪ್ರಿಲ್ 1ರಿಂದ ಪ್ರತಿಯೊಂದು ಕಂಪೆನಿಯೂ ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ಜಾಡನ್ನು ದಾಖಲಿಸಬೇಕು, ಬದಲಾವಣೆ ಆದಾಗಲೆಲ್ಲ ಅದರ ದಿನಾಂಕ ಸಹಿತ ದಾಖಲೆ ಉಳಿಯಬೇಕು, ಮತ್ತು ಈ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಬರಬಾರದು. ಲೆಕ್ಕ ಪರಿಶೋಧಕರು ಇದರ ಬಗ್ಗೆ ತಮ್ಮ ವರದಿಯಲ್ಲಿ ಹೇಳಬೇಕಾಗುತ್ತದೆ. ಹಳೆಯ ವೋಚರನ್ನು ಬದಲಿಸುವುದು ಅಪರಾಧವೇನೂ ಅಲ್ಲ. ಆದರೆ ಮುಗಿದ ತಿಂಗಳ 1,80,000 ರೂಪಾಯಿಯ ವೋಚರ್ ಆಗಸ್ಟ್‌ನಲ್ಲಿ ಬದಲಾದದ್ದು ದಾಖಲೆಯಲ್ಲಿ ಉಳಿದಿರುತ್ತದೆ, ಕಾರಣ ಮಾತ್ರ ಅದರಲ್ಲಿ ಇರುವುದಿಲ್ಲ. ಬಹಿರಂಗವಾದ ತಿದ್ದುಪಡಿ ನಮೂದು ಕಾರಣವನ್ನು ತಾನೇ ಹೇಳುತ್ತದೆ. ಪಾಲುದಾರಿಕೆ ಸಂಸ್ಥೆಗಳಿಗೂ ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಈ ನಿಯಮ ಅನ್ವಯಿಸದಿದ್ದರೂ ಪದ್ಧತಿ ಅದೇ.

ಮುಗಿದ ತಿಂಗಳನ್ನು ಮತ್ತೆ ತೆರೆಯುವುದು ಯಾವಾಗಲೂ ನಿಷಿದ್ಧವೆಂದಲ್ಲ. ಲೆಕ್ಕ ಮುಗಿದಿದೆ, ಆದರೆ ವರದಿಯಾಗಲಿ ವಿವರಪಟ್ಟಿಯಾಗಲಿ ಇನ್ನೂ ಕಚೇರಿಯ ಹೊರಗೆ ಹೋಗಿಲ್ಲ ಎಂದಾದರೆ, ಮುಖ್ಯ ಲೆಕ್ಕಾಧಿಕಾರಿಯ ಲಿಖಿತ ಒಪ್ಪಿಗೆ ಪಡೆದು ಆ ತಿಂಗಳ ಕೊನೆಯ ತಾರೀಖಿನಲ್ಲಿ ತಿದ್ದುಪಡಿ ನಮೂದನ್ನು ಬರೆದು ಮತ್ತೆ ಬೀಗ ಹಾಕಬಹುದು. ಆಗಲೂ ಮೂಲ ವೋಚರನ್ನು ಮುಟ್ಟುವುದಿಲ್ಲ. ಇನ್ನೊಂದೆಡೆ 800 ರೂಪಾಯಿಯ ಲೇಖನ ಸಾಮಗ್ರಿ ಅಂಚೆ ವೆಚ್ಚಕ್ಕೆ ಸೇರಿದ್ದರೆ ಈ ತಿಂಗಳಲ್ಲಿ ಒಂದು ಸಾಲಿನ ನಮೂದು ಸಾಕು. ವರದಿಯಲ್ಲಿ ವಿವರಣೆ ಬೇಕಿಲ್ಲ.

ವರ್ಷವೇ ಮುಗಿದಿದ್ದರೆ

ಮೇಲೆ ಹೇಳಿದ ವಿಧಾನವು ತಪ್ಪು ಮತ್ತು ತಿದ್ದುಪಡಿ ಎರಡೂ ಒಂದೇ ಆರ್ಥಿಕ ವರ್ಷದಲ್ಲಿ ಇರುವಾಗ ಮಾತ್ರ ಸಲ್ಲುತ್ತದೆ. ಮಾರ್ಚ್ 31 ದಾಟಿ, ವಾರ್ಷಿಕ ಲೆಕ್ಕಪತ್ರಗಳು ಅಂಗೀಕಾರವಾದ ಮೇಲೆ ತಪ್ಪು ಸಿಕ್ಕರೆ ದುರಸ್ತಿ ಖಾತೆಯನ್ನು ಕ್ರೆಡಿಟ್ ಮಾಡುವಂತಿಲ್ಲ. ಆ ವರ್ಷದ ದುರಸ್ತಿ ವೆಚ್ಚ ಆಗಲೇ ಲಾಭ-ನಷ್ಟ ಖಾತೆಗೆ ಸೇರಿ, ಹೊಸ ವರ್ಷದಲ್ಲಿ ಆ ಖಾತೆ ಶೂನ್ಯದಿಂದ ಆರಂಭವಾಗಿರುತ್ತದೆ. ಅಲ್ಲಿ ಕ್ರೆಡಿಟ್ ಮಾಡಿದರೆ ಹೊಸ ವರ್ಷದ ದುರಸ್ತಿ ವೆಚ್ಚ ಅಷ್ಟು ಕಡಿಮೆಯಾಗಿ ಕಾಣುತ್ತದೆ.

ಇಂತಹ ಮೊತ್ತವನ್ನು ಲೆಕ್ಕ ಮಾನದಂಡ 5ರ ಪ್ರಕಾರ ‘ಹಿಂದಿನ ಅವಧಿಯ ಬಾಬು’ ಎಂದು ಹೊಸ ವರ್ಷದ ಲಾಭ-ನಷ್ಟ ತಖ್ತೆಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಭಾರತೀಯ ಲೆಕ್ಕ ಮಾನದಂಡಗಳನ್ನು ಅನುಸರಿಸುವ ದೊಡ್ಡ ಕಂಪೆನಿಗಳಲ್ಲಿ ತಪ್ಪು ಗಣನೀಯವಾಗಿದ್ದರೆ ಹೋಲಿಕೆಗಾಗಿ ಮುದ್ರಿಸುವ ಹಿಂದಿನ ವರ್ಷದ ಅಂಕಿಗಳನ್ನೇ ಪರಿಷ್ಕರಿಸಿ ತೋರಿಸಲಾಗುತ್ತದೆ. ಸಲ್ಲಿಸಿದ ಆದಾಯ ತೆರಿಗೆ ವಿವರಪಟ್ಟಿಯ ಪ್ರಶ್ನೆಯೂ ಆಗ ಏಳುತ್ತದೆ. ಆಗಸ್ಟ್‌ನಲ್ಲಿ ಎರಡು ನಮೂದು ಮತ್ತು ಒಂದು ಟಿಪ್ಪಣಿಯಲ್ಲಿ ಮುಗಿಯುತ್ತಿದ್ದ ಕೆಲಸ ಮುಂದಿನ ಆಗಸ್ಟ್‌ಗೆ ಪರಿಶೋಧಕರ ಮೇಜಿನ ಮೇಲೆ ಬಂದಿರುತ್ತದೆ. ಪ್ರತಿ ತಿಂಗಳ ಲೆಕ್ಕ ಮುಗಿಸುವ ಮುನ್ನ ವೆಚ್ಚದ ಖಾತೆಗಳನ್ನು ಹಿಂದಿನ ಮೂರು ತಿಂಗಳೊಂದಿಗೆ ಹೋಲಿಸಿ, ಎರಡು ಪಟ್ಟಿಗಿಂತ ಹೆಚ್ಚಾದದ್ದರ ಬಿಲ್ಲನ್ನು ತೆಗೆದು ನೋಡಿದ್ದರೆ ಜೂನ್‌ನ 2,02,000 ರೂಪಾಯಿ ಜುಲೈ 10ಕ್ಕೂ ಮೊದಲೇ ಕಣ್ಣಿಗೆ ಬೀಳುತ್ತಿತ್ತು.